ಪ್ರೊಬೇಷನ್‌ನಲ್ಲೇ ಕೆಲಸ ಬಿಡುವಾಗ: ಕಡಿಮೆ ನೋಟಿಸ್‌ನ ರಾಜೀನಾಮೆ ಪತ್ರ ಬರೆಯುವ ಬಗೆ

ಆರು ತಿಂಗಳ ಪ್ರೊಬೇಷನ್, ಐದನೆಯ ತಿಂಗಳಲ್ಲಿ ಬೇರೆ ಕಡೆಯಿಂದ ಆಫರ್. ಹೊಸ ಕಂಪನಿಯವರು ಮೂರು ವಾರದಲ್ಲಿ ಬಂದು ಸೇರಿ ಅನ್ನುತ್ತಾರೆ, ಈಗಿನ ಕಂಪನಿಯ ಪತ್ರದಲ್ಲಿ ಮೂವತ್ತು ದಿನದ ನೋಟಿಸ್ ಇದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಬರೆಯುವ ಮೇಲ್ ಒಂದೇ ಸಾಲಿನದು: ‘ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ಕೊಡುತ್ತಿದ್ದೇನೆ, ದಯವಿಟ್ಟು ಬೇಗ ರಿಲೀವ್ ಮಾಡಿ.’ ಈ ಸಾಲಿನಲ್ಲಿ ವಿನಯಕ್ಕೇನೂ ಕೊರತೆಯಿಲ್ಲ, ಆದರೆ ಕೆಲಸಕ್ಕೆ ಬೇಕಾದ ಒಂದು ಸಂಗತಿಯೂ ಇಲ್ಲ. ಯಾವ ದಿನ ಕೊನೆಯ ದಿನ, ಪತ್ರದ ಯಾವ ಷರತ್ತಿನ ಪ್ರಕಾರ, ಉಳಿದ ದಿನಗಳ ಲೆಕ್ಕ ಏನು ಎಂಬುದು ಯಾವುದೂ ಗೊತ್ತಾಗುವುದಿಲ್ಲ.

ಇಂಥ ಪತ್ರದಲ್ಲಿ ಎರಡು ಮಾತು ಬೇರೆಬೇರೆಯಾಗಿ ಬರಬೇಕು. ನೇಮಕಾತಿ ಪತ್ರ ನಿಮಗೆ ಈಗಾಗಲೇ ಕೊಟ್ಟಿರುವುದನ್ನು ತಿಳಿಸುವುದು ಒಂದು. ಅದಕ್ಕಿಂತ ಹೆಚ್ಚಾಗಿ ನೀವು ಕೇಳುತ್ತಿರುವುದನ್ನು ಕೋರುವುದು ಇನ್ನೊಂದು. ಮೊದಲನೆಯದಕ್ಕೆ ಯಾರ ಅನುಮತಿಯೂ ಬೇಡ, ಎರಡನೆಯದಕ್ಕೆ ಬೇಕು. ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಿದರೆ ಎಚ್‌ಆರ್‌ನವರು ಇಡೀ ರಾಜೀನಾಮೆಯನ್ನೇ ‘ಪರಿಶೀಲನೆಯಲ್ಲಿರುವ ಕೋರಿಕೆ’ ಎಂದು ಪಕ್ಕಕ್ಕೆ ಇಡಬಹುದು. ವಾರ ಕಳೆದ ಮೇಲೆ ‘ನಿಮ್ಮ ನೋಟಿಸ್ ಇವತ್ತಿನಿಂದ ಶುರು’ ಅನ್ನುವುದಕ್ಕೂ ಅಲ್ಲಿ ಜಾಗವಿರುತ್ತದೆ.

ಇಲ್ಲಿ ಹೇಳುವುದೆಲ್ಲ ಖಾಸಗಿ ಕಂಪನಿಗಳ ಮಾತು. ಸರ್ಕಾರಿ ನೌಕರರ ಪರೀಕ್ಷಾರ್ಥ ಅವಧಿಗೆ ಅವರದೇ ಸೇವಾ ನಿಯಮಗಳಿವೆ, ಅವರು ಇದನ್ನು ಅನುಸರಿಸಬಾರದು.

ಮೊದಲು ಅಪಾಯಿಂಟ್‌ಮೆಂಟ್ ಲೆಟರ್ ತೆಗೆಯಿರಿ

ಆಫರ್ ಲೆಟರ್ ಸಾಲದು. ಆಫರ್ ಲೆಟರ್‌ನಲ್ಲಿ ಸಂಬಳ, ಸೇರುವ ದಿನ ಇರುತ್ತದೆ. ನೋಟಿಸ್‌ನ ಪೂರ್ತಿ ಷರತ್ತು ಸೇರಿದ ದಿನ ಸಹಿ ಹಾಕಿದ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲೋ ಅದರ ಅನುಬಂಧದಲ್ಲೋ ಇರುತ್ತದೆ. ಎರಡರಲ್ಲೂ ಬೇರೆಬೇರೆ ದಿನಗಳಿದ್ದರೆ ಸಾಮಾನ್ಯವಾಗಿ ನಂತರದ ಪತ್ರದಲ್ಲೇ ‘ಹಿಂದಿನ ಒಪ್ಪಂದಗಳಿಗೆ ಬದಲಾಗಿ ಇದು’ ಎಂಬ ಸಾಲಿರುತ್ತದೆ, ಅದನ್ನು ಹುಡುಕಿ.

ನೋಡಬೇಕಾದ ಮೊದಲ ಪ್ರಶ್ನೆ, ನೀವು ಇನ್ನೂ ಪ್ರೊಬೇಷನ್‌ನಲ್ಲಿದ್ದೀರಾ ಎಂಬುದು. ಆರು ತಿಂಗಳು ತುಂಬಿಲ್ಲದಿದ್ದರೆ ಗೊಂದಲವಿಲ್ಲ. ತುಂಬಿದ್ದರೆ ಪತ್ರದ ಪದಗಳ ಮೇಲೆ ಎಲ್ಲವೂ ನಿಂತಿದೆ. ‘ಲಿಖಿತವಾಗಿ ಕನ್ಫರ್ಮ್ ಮಾಡುವವರೆಗೆ ಪ್ರೊಬೇಷನ್ ಮುಂದುವರಿದಂತೆ’ ಎಂದಿದ್ದು ಕನ್ಫರ್ಮೇಷನ್ ಪತ್ರ ಬಂದಿಲ್ಲದಿದ್ದರೆ, ಏಳನೆಯ ತಿಂಗಳಲ್ಲೂ ನಿಮಗೆ ಪ್ರೊಬೇಷನ್‌ನ ಕಡಿಮೆ ನೋಟಿಸ್ಸೇ ಅನ್ವಯ. ‘ಅವಧಿ ಮುಗಿದ ಕೂಡಲೇ ತಾನಾಗಿ ಕನ್ಫರ್ಮ್’ ಎಂದಿದ್ದರೆ ಮಾರನೆಯ ದಿನದಿಂದ ಅರವತ್ತು ಅಥವಾ ತೊಂಬತ್ತು ದಿನದ ನೋಟಿಸ್ ಬಂದು ಕೂರುತ್ತದೆ. ಪ್ರೊಬೇಷನ್ ಮುಗಿಯಲು ವಾರವಷ್ಟೇ ಉಳಿದಿದ್ದು ಬಿಡುವುದು ಖಚಿತವಾಗಿದ್ದರೆ, ರಾಜೀನಾಮೆ ಆ ವಾರದೊಳಗೇ ಹೋಗಬೇಕು. ಹೊಸ ಆಫರ್ ಮಾತ್ರ ಕೈಗೆ ಲಿಖಿತವಾಗಿ ಬಂದಿರಲಿ. ಫೋನಿನಲ್ಲಿ ‘ಸೆಲೆಕ್ಟ್ ಆಗಿದ್ದೀರಿ’ ಅಂದದ್ದನ್ನು ನಂಬಿ ಪತ್ರ ಕೊಟ್ಟವರು ಎರಡೂ ಕಡೆ ಇಲ್ಲವಾಗುತ್ತಾರೆ.

ಎರಡನೆಯ ಪ್ರಶ್ನೆ, ಆ ನೋಟಿಸ್ ದಿನಗಳು ಯಾರಿಗೆ ಹೇಳಿದ್ದು. ‘ಪ್ರೊಬೇಷನ್ ಅವಧಿಯಲ್ಲಿ ಕಂಪನಿಯು ಯಾವುದೇ ನೋಟಿಸ್ ಇಲ್ಲದೆ ಸೇವೆಯನ್ನು ಕೊನೆಗೊಳಿಸಬಹುದು’ ಎಂಬ ಸಾಲನ್ನು ಓದಿ, ನನಗೂ ನೋಟಿಸ್ ಬೇಕಿಲ್ಲ ಎಂದುಕೊಳ್ಳುವುದು ತೀರಾ ಸಾಮಾನ್ಯ. ಆ ಸಾಲು ಕಂಪನಿಗೆ ಮಾತ್ರ. ಎರಡು ಸಾಲು ಕೆಳಗೆ ‘ಉದ್ಯೋಗಿಯು 30 ದಿನದ ನೋಟಿಸ್ ಕೊಡತಕ್ಕದ್ದು’ ಎಂದು ಇದ್ದೇ ಇರುತ್ತದೆ. ಇದು ಸಮವಲ್ಲ, ನಿಜ. ಆದರೂ ಸಹಿ ಹಾಕಿದ ಪತ್ರ ಅದು.

ಮೂರನೆಯದು ಬಹಳ ಮುಖ್ಯ. ನೋಟಿಸ್‌ಗೆ ಬದಲಾಗಿ ಹಣ ಕಟ್ಟಿ ಹೋಗುವ ಆಯ್ಕೆ ಯಾರ ಕೈಯಲ್ಲಿದೆ? ಪತ್ರದಲ್ಲಿ ಇದು ‘ಸ್ಯಾಲರಿ ಇನ್ ಲ್ಯೂ ಆಫ್ ನೋಟಿಸ್’ ಎಂಬ ಪದಗಳಲ್ಲಿ ಬರುತ್ತದೆ, ಬಾಯಿಮಾತಿನಲ್ಲಿ ಬೈಔಟ್. ಇದಕ್ಕೆ ಮೂರು ರೂಪಗಳಿವೆ. ‘ಎರಡೂ ಪಕ್ಷಗಳಲ್ಲಿ ಯಾರೇ ಆಗಲಿ 30 ದಿನದ ನೋಟಿಸ್ ಅಥವಾ ಅದಕ್ಕೆ ಬದಲಾಗಿ ಸಂಬಳ ಕೊಟ್ಟು’ ಎಂದಿದ್ದರೆ ಆಯ್ಕೆ ನಿಮ್ಮದು. ಉಳಿದ ದಿನಗಳ ಹಣ ಕೊಡುತ್ತೇನೆ ಎಂದು ತಿಳಿಸಿದರೆ ಸಾಕು, ಬೇಡಿಕೊಳ್ಳಬೇಕಿಲ್ಲ. ‘ಕಂಪನಿಯು ತನ್ನ ವಿವೇಚನೆಯಂತೆ ನೋಟಿಸ್‌ಗೆ ಬದಲಾಗಿ ಸಂಬಳ ಸ್ವೀಕರಿಸಬಹುದು’ ಎಂದಿದ್ದರೆ ಹಣ ಕಟ್ಟುತ್ತೇನೆಂದರೂ ಅವರು ಒಪ್ಪಬೇಕು. ಹಣದ ಮಾತೇ ಇಲ್ಲದೆ ಬರೀ ದಿನಗಳಷ್ಟೇ ಇದ್ದರೆ, ಕಡಿತ ಪೂರ್ತಿಯಾಗಿ ಮಾತುಕತೆಯ ವಿಷಯ. ಈ ಮೂರರಲ್ಲಿ ನಿಮ್ಮದು ಯಾವುದು ಎಂದು ಗೊತ್ತಾಗದೆ ಪತ್ರ ಬರೆಯಲು ಕೂರಬೇಡಿ. ಪತ್ರದ ಧಾಟಿಯೇ ಇದರ ಮೇಲೆ ಬದಲಾಗುತ್ತದೆ.

ಇದೇ ಓದಿನಲ್ಲಿ ಜಾಯಿನಿಂಗ್ ಬೋನಸ್, ಊರು ಬದಲಿಸಿದ ಖರ್ಚು, ತರಬೇತಿ ಬಾಂಡ್ ಇವೆಯೇ ನೋಡಿಕೊಳ್ಳಿ. ಇವು ನೋಟಿಸ್‌ಗಿಂತ ಬೇರೆ ಬಾಕಿಗಳು. ನೋಟಿಸ್ ಪೂರ್ತಿ ಮುಗಿಸಿದರೂ ‘ಒಂದು ವರ್ಷದೊಳಗೆ ಬಿಟ್ಟರೆ ವಾಪಸ್’ ಎಂಬ ಬೋನಸ್ ವಾಪಸ್ಸೇ. ಬಾಂಡ್ ಅನ್ನು ‘ಇಂಡಿಯಾದಲ್ಲಿ ನಡೆಯಲ್ಲ’ ಎಂದು ತಳ್ಳಿಹಾಕುವ ಕಾಲವೂ ಅಲ್ಲ ಇದು. ಅವಧಿಗೆ ಮೊದಲೇ ಬಿಟ್ಟ ಬ್ಯಾಂಕ್ ಅಧಿಕಾರಿಯೊಬ್ಬರ 2 ಲಕ್ಷ ರೂಪಾಯಿ ಬಾಂಡ್ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಅದು ಸಾರ್ವಜನಿಕ ವಲಯದ ಬ್ಯಾಂಕಿನ ಪ್ರಕರಣವಾದ್ದರಿಂದ ಪ್ರತಿ ಬಾಂಡಿಗೂ ಹಾಗೇ ಹೊಂದುತ್ತದೆ ಎಂದಲ್ಲ. ಬಾಂಡ್ ಇರುವವರು ರಾಜೀನಾಮೆಗೆ ಮುನ್ನ ವಕೀಲರಿಗೊಮ್ಮೆ ಪತ್ರ ತೋರಿಸುವುದು ಒಳ್ಳೆಯದು.

ದಿನದ ಲೆಕ್ಕ, ಹಣದ ಲೆಕ್ಕ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಉದ್ಯೋಗಿ ಸೇರಿದ್ದು 2025ರ ಡಿಸೆಂಬರ್ 1, ಪ್ರೊಬೇಷನ್ 2026ರ ಮೇ 31ರವರೆಗೆ. ಪ್ರೊಬೇಷನ್‌ನಲ್ಲಿ 30 ದಿನ, ಕನ್ಫರ್ಮ್ ಆದ ಮೇಲೆ 60 ದಿನ ನೋಟಿಸ್. ತಿಂಗಳ ಒಟ್ಟು ಸಂಬಳ 45,000 ರೂಪಾಯಿ, ಅದರಲ್ಲಿ ಬೇಸಿಕ್ 22,500. ಹೊಸ ಕಂಪನಿಗೆ ಸೇರಬೇಕಾದ ದಿನ ಏಪ್ರಿಲ್ 27, ಸೋಮವಾರ. ರಾಜೀನಾಮೆ ಕೊಡುವುದು ಏಪ್ರಿಲ್ 6, ಸೋಮವಾರ.

ಪತ್ರ ಕೊಟ್ಟ ದಿನವನ್ನು ಬಿಟ್ಟು ಮಾರನೆಯ ದಿನದಿಂದ ಎಣಿಸಿದರೆ ಏಪ್ರಿಲ್ 7 ಮೊದಲ ದಿನ, ಮೂವತ್ತನೆಯ ದಿನ ಮೇ 6. ಉದ್ಯೋಗಿಗೆ ಬೇಕಾದ ಕೊನೆಯ ದಿನ ಏಪ್ರಿಲ್ 24, ಶುಕ್ರವಾರ. ಏಪ್ರಿಲ್ 7ರಿಂದ 24ರವರೆಗೆ 18 ದಿನ, ಅಂದರೆ ಕಡಿಮೆ ಬೀಳುವುದು 12 ದಿನ. ಪತ್ರದಲ್ಲಿ ‘ಕ್ಯಾಲೆಂಡರ್ ದಿನಗಳು’ ಎಂದಿದ್ದರೆ ಭಾನುವಾರಗಳೂ ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯ ರಜೆಯೂ ಇದರಲ್ಲೇ ಸೇರುತ್ತವೆ. ‘ವರ್ಕಿಂಗ್ ಡೇಸ್’ ಎಂದಿದ್ದರೆ ಲೆಕ್ಕ ಪೂರಾ ಬೇರೆ. ವಾರಕ್ಕೆ ಐದು ದಿನದ ಕಚೇರಿಯಲ್ಲಿ 30 ಕೆಲಸದ ದಿನ ಅಂದರೆ ಆರು ವಾರ ದಾಟುತ್ತದೆ.

ಇನ್ನು ಹಣ. ಕಡಿಮೆ ಬಿದ್ದ ದಿನಗಳಿಗೆ ಕಂಪನಿ ಹಿಡಿಯುವುದು ಒಟ್ಟು ಸಂಬಳದ ಮೇಲೋ ಬೇಸಿಕ್ ಮೇಲೋ ಎಂಬುದು ಪತ್ರದಲ್ಲಿ ಇರುತ್ತದೆ. ಒಟ್ಟು ಸಂಬಳವಾದರೆ 45,000ವನ್ನು 30ರಿಂದ ಭಾಗಿಸಿ 12ರಿಂದ ಗುಣಿಸಿದರೆ 18,000. ಬೇಸಿಕ್ ಆದರೆ ಸರಿಯಾಗಿ ಅದರರ್ಧ, 9,000. ಉದ್ಯೋಗಿಯ ಖಾತೆಯಲ್ಲಿ ನಾಲ್ಕು ಗಳಿಕೆ ರಜೆ ಉಳಿದಿದ್ದು, ಅದನ್ನು ನೋಟಿಸ್‌ಗೆ ಹೊಂದಿಸಲು ಕಂಪನಿಯ ನಿಯಮ ಬಿಟ್ಟರೆ 12 ದಿನ 8 ಆಗುತ್ತದೆ, 18,000 ಹೋಗಿ 12,000 ಆಗುತ್ತದೆ. ಆದರೆ ನೋಟಿಸ್ ಅವಧಿಯಲ್ಲಿ ರಜೆ ಹಾಕಿದರೆ ಅಷ್ಟು ದಿನ ಮುಂದಕ್ಕೆ ತಳ್ಳುವ ಕಂಪನಿಗಳೂ ಇವೆ. ಆದ್ದರಿಂದ ರಜೆ ಹೊಂದಿಸುವ ಮಾತು ಪತ್ರದಲ್ಲೇ ಕೋರಿಕೆಯಾಗಿ ಬರಲಿ, ನೀವಾಗಿ ರಜೆ ಹಾಕಿ ಮನೆಯಲ್ಲಿ ಕೂರಬೇಡಿ.

ಏಪ್ರಿಲ್‌ನಲ್ಲಿ 24 ದಿನದ ಸಂಬಳ 36,000. ಪಿಎಫ್ ಮುಂತಾದ ಕಡಿತಕ್ಕೆ ಮೊದಲು, ಅದರಲ್ಲಿ 18,000 ಹೋದರೆ ಕೈಗೆ 18,000. ಆ ತಿಂಗಳ ಬಾಡಿಗೆ, ಇಎಂಐ ಇದರಲ್ಲೇ ಆಗಬೇಕು. ಹೊಸ ಕಂಪನಿಯಲ್ಲಿ ಬೈಔಟ್ ಮೊತ್ತ ಮರಳಿ ಕೊಡುತ್ತೀರಾ ಎಂದು ಕೇಳುವುದಿದ್ದರೆ ರಾಜೀನಾಮೆಗೆ ಮುಂಚೆ ಕೇಳಿ. ಕೊಡುತ್ತೇವೆಂದರೆ ಅದೂ ಮೇಲ್‌ನಲ್ಲಿ ಬರಲಿ, ಜೊತೆಗೆ ಏನು ದಾಖಲೆ ಬೇಕಾಗುತ್ತದೆ ಎಂದೂ ತಿಳಿದುಕೊಳ್ಳಿ. ಸಾಮಾನ್ಯವಾಗಿ ಹಳೆಯ ಕಂಪನಿಯ ಫುಲ್ ಅಂಡ್ ಫೈನಲ್ ಪಟ್ಟಿಯಲ್ಲಿ ‘ನೋಟಿಸ್ ರಿಕವರಿ’ ಎಂದು ಪ್ರತ್ಯೇಕವಾಗಿ ಕಾಣಿಸಬೇಕಾಗುತ್ತದೆ.

ಬಾಯಲ್ಲಿ ಹೇಳಿ, ಅದೇ ದಿನ ಬರೆದು ಕೊಡಿ

ಮ್ಯಾನೇಜರ್‌ಗೆ ಮೊದಲು ಎದುರಿಗೋ ಫೋನಿನಲ್ಲೋ ಹೇಳುವುದು ಒಳ್ಳೆಯದು. ದಿನ ಕಡಿಮೆ ಮಾಡಲು ಒಪ್ಪುವವರು ಅವರೇ, ಎಚ್‌ಆರ್ ಅವರನ್ನೇ ಕೇಳುತ್ತದೆ. ಆದರೆ ಹೇಳಿದ ದಿನವೇ ಪತ್ರವೂ ಹೋಗಬೇಕು. ‘ಶುಕ್ರವಾರದವರೆಗೆ ತಡೀರಿ, ಮೇಲಿನವರ ಹತ್ತಿರ ಮಾತಾಡ್ತೀನಿ’ ಅಂದರೆ ‘ಆಗಲಿ ಸರ್, ಮಾತಾಡಿ. ದಿನದ ಲೆಕ್ಕಕ್ಕೆ ಇವತ್ತೇ ಮೇಲ್ ಹಾಕಿರ್ತೀನಿ’ ಎನ್ನಿ. ನೋಟಿಸ್ ಶುರುವಾಗುವುದು ಬರೆದು ಕೊಟ್ಟ ದಿನದಿಂದ. ಬಾಯಲ್ಲಿ ಹೇಳಿದ ನಾಲ್ಕು ದಿನ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಮೇಲ್ ಮ್ಯಾನೇಜರ್‌ಗೆ, ಪ್ರತಿ ಎಚ್‌ಆರ್‌ಗೆ, ಇನ್ನೊಂದು ನಿಮ್ಮ ಸ್ವಂತ ಇಮೇಲ್‌ಗೆ. ರಾಜೀನಾಮೆ ಕೊಟ್ಟ ಕೂಡಲೇ ಕಚೇರಿಯ ಮೇಲ್ ಮುಚ್ಚುವ ಕಂಪನಿಗಳಿವೆ, ಆಮೇಲೆ ನೀವು ಕಳಿಸಿದ್ದಕ್ಕೆ ನಿಮ್ಮ ಬಳಿಯೇ ಪುರಾವೆ ಇರುವುದಿಲ್ಲ. ಅಪಾಯಿಂಟ್‌ಮೆಂಟ್ ಲೆಟರ್, ಸಂಬಳದ ಚೀಟಿಗಳು, ರಜೆ ಬಾಕಿಯ ಪುಟ ಇವನ್ನೂ ಅದಕ್ಕೆ ಮೊದಲೇ ಇಳಿಸಿಕೊಳ್ಳಿ. ನಿಮಗೆ ಸಂಬಂಧಿಸಿದ ಕಾಗದಗಳಷ್ಟೇ. ಕೆಲಸದ ಫೈಲ್‌ಗಳನ್ನು ಸ್ವಂತ ಮೇಲ್‌ಗೆ ಕಳಿಸಿಕೊಂಡರೆ ಅದು ಬೇರೆಯೇ ತಲೆನೋವು.

ಎಚ್‌ಆರ್ ಪೋರ್ಟಲ್‌ನಲ್ಲಿ ರಾಜೀನಾಮೆಯ ಗುಂಡಿ ಇದ್ದರೆ ಅಲ್ಲೂ ಒತ್ತಬೇಕು, ಆದರೆ ಮೇಲ್ ಕಳಿಸಿದ ಮೇಲೆ. ಪೋರ್ಟಲ್ ಕೊನೆಯ ದಿನವನ್ನು ತಾನೇ ಲೆಕ್ಕ ಹಾಕುತ್ತದೆ. ಎಲ್ಲರಿಗೂ 60 ದಿನವೆಂದೇ ಅದರಲ್ಲಿ ತುಂಬಿಟ್ಟಿದ್ದರೆ ನಮ್ಮ ಉದಾಹರಣೆಯ ಉದ್ಯೋಗಿಗೂ ಜೂನ್ 5 ಎಂದು ತೋರಿಸುತ್ತದೆ. ಅದನ್ನು ಹಾಗೇ ಒಪ್ಪಿ ಮುಂದೆ ಒತ್ತಿದರೆ ನಂತರ ‘ನೀವೇ ಕೊಟ್ಟ ದಿನಾಂಕ’ ಎಂಬ ವಾದ ಬರುತ್ತದೆ. ಷರಾ ಬರೆಯುವ ಜಾಗದಲ್ಲಿ ‘ಪ್ರೊಬೇಷನ್ ನೋಟಿಸ್ 30 ದಿನ, ಷರತ್ತು ಸಂಖ್ಯೆ ಇಂತಿಷ್ಟು, ಏಪ್ರಿಲ್ 6ರ ಮೇಲ್ ನೋಡಿ’ ಎಂದು ಬರೆದು, ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಪತ್ರ

ದೊಡ್ಡ ಕಂಪನಿಗಳಲ್ಲಿ ಈ ಪತ್ರ ಇಂಗ್ಲಿಷಿನಲ್ಲೇ ಹೋಗುತ್ತದೆ. ಶಾಲೆ, ಆಸ್ಪತ್ರೆ, ಸಹಕಾರ ಸಂಘ, ಊರಿನ ಸಣ್ಣ ಸಂಸ್ಥೆಗಳಲ್ಲಿ ಕನ್ನಡದಲ್ಲೂ ನಡೆಯುತ್ತದೆ. ಯಾವ ಭಾಷೆಯಾದರೂ ವಾಕ್ಯಗಳ ಸರಣಿ ಇದೇ ಇರಲಿ. ಕಂಪನಿ ಒಪ್ಪಿದರಷ್ಟೇ ದಿನ ಕಡಿಮೆ ಆಗುವ ಸಂದರ್ಭಕ್ಕೆ ಹೀಗೆ ಬರೆಯಬಹುದು:

> ವಿಷಯ: ರಾಜೀನಾಮೆ – ಉದ್ಯೋಗಿ ಸಂಖ್ಯೆ …… – ಪ್ರೊಬೇಷನ್ ಅವಧಿ
>
> ಮಾನ್ಯರೇ,
>
> ನಾನು …… ಹುದ್ದೆಗೆ ಈ ಪತ್ರದ ಮೂಲಕ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ನಾನು 01-12-2025ರಂದು ಸೇರಿದ್ದು, ಈಗ ಪ್ರೊಬೇಷನ್‌ನಲ್ಲಿದ್ದೇನೆ. ನೇಮಕಾತಿ ಪತ್ರದ …… ನೇ ಷರತ್ತಿನಂತೆ ನನಗೆ ಅನ್ವಯವಾಗುವ ನೋಟಿಸ್ 30 ದಿನ. ಈ ದಿನ, 06-04-2026ರಂದು ನೋಟಿಸ್ ಕೊಡುತ್ತಿರುವುದರಿಂದ ಆ ಅವಧಿ 06-05-2026ಕ್ಕೆ ಮುಗಿಯುತ್ತದೆ.
>
> 24-04-2026, ಶುಕ್ರವಾರವನ್ನು ನನ್ನ ಕೊನೆಯ ಕೆಲಸದ ದಿನವಾಗಿ ಒಪ್ಪಿಕೊಳ್ಳಬೇಕೆಂದು ಕೋರುತ್ತೇನೆ. ಕಡಿಮೆ ಬೀಳುವ 12 ದಿನಗಳಲ್ಲಿ ನನ್ನ ಖಾತೆಯಲ್ಲಿರುವ 4 ಗಳಿಕೆ ರಜೆಗಳನ್ನು ಹೊಂದಿಸಿಕೊಳ್ಳಲು, ಉಳಿದ 8 ದಿನಗಳನ್ನು ಮನ್ನಾ ಮಾಡಲು ಕೋರಿಕೆ. ಮನ್ನಾ ಸಾಧ್ಯವಿಲ್ಲದಿದ್ದರೆ ಆ ದಿನಗಳ ಮೊತ್ತವನ್ನು ಮೇಲಿನ ಷರತ್ತಿನಂತೆ ಅಂತಿಮ ಲೆಕ್ಕದಲ್ಲಿ ಹೊಂದಿಸಿಕೊಳ್ಳಲು ನನ್ನ ಒಪ್ಪಿಗೆಯಿದೆ.
>
> ನನ್ನ ಬಳಿ ಈಗಿರುವ ಕೆಲಸಗಳ ಪಟ್ಟಿಯನ್ನು ಇದರೊಂದಿಗೆ ಇಟ್ಟಿದ್ದೇನೆ. 22-04-2026ರೊಳಗೆ ಅವನ್ನು ನೀವು ಸೂಚಿಸಿದವರಿಗೆ ವಹಿಸಿಕೊಡುತ್ತೇನೆ.
>
> ಕೊನೆಯ ದಿನಾಂಕವನ್ನೂ 12 ದಿನಗಳ ಹೊಂದಾಣಿಕೆಯನ್ನೂ ದಯವಿಟ್ಟು 09-04-2026ರೊಳಗೆ ಬರೆದು ತಿಳಿಸಿ.
>
> ತಮ್ಮ ವಿಶ್ವಾಸಿ,

ಮೊದಲ ಪರಿಚ್ಛೇದದಲ್ಲಿ ‘ಕೋರುತ್ತೇನೆ’ ಎಂಬ ಪದವೇ ಇಲ್ಲ ಎಂಬುದನ್ನು ಗಮನಿಸಿ. ರಾಜೀನಾಮೆಯೂ ಮೇ 6ರ ದಿನಾಂಕವೂ ಅಲ್ಲೇ ಮುಗಿದವು. ಎರಡನೆಯ ಪರಿಚ್ಛೇದದ ಕೋರಿಕೆಯನ್ನು ಅವರು ಪೂರ್ತಿ ತಳ್ಳಿಹಾಕಿದರೂ ಮೊದಲನೆಯದು ನಿಲ್ಲುತ್ತದೆ, ಏಪ್ರಿಲ್ 6ರಿಂದ ಶುರುವಾದ ಎಣಿಕೆ ನಡೆದೇ ಇರುತ್ತದೆ. ‘ಏಪ್ರಿಲ್ 24ಕ್ಕೆ ಬಿಡುವುದಾದರೆ ರಾಜೀನಾಮೆ ಕೊಡುತ್ತೇನೆ’ ಎಂದು ಬರೆದರೆ ಇದೇ ಬುಡ ಕಳಚುತ್ತದೆ. ಷರತ್ತು ಹಾಕಿದ ರಾಜೀನಾಮೆ, ಆ ಷರತ್ತು ಒಪ್ಪುವವರೆಗೆ ರಾಜೀನಾಮೆಯೇ ಅಲ್ಲ ಎಂದು ವಾದಿಸಬಹುದು.

ಕೋರಿಕೆಯಲ್ಲಿ ಮೂರು ಮೆಟ್ಟಿಲಿವೆ: ರಜೆ ಹೊಂದಿಸುವುದು, ಮನ್ನಾ, ಕೊನೆಗೆ ಹಣ. ಹಣದ ಮಾತನ್ನು ಮೊದಲೇ ಆಡಿದರೆ ಮನ್ನಾ ಯಾರೂ ಮಾಡುವುದಿಲ್ಲ. ಹಣದ ಮಾತೇ ಇಲ್ಲದಿದ್ದರೆ ‘ಸಾಧ್ಯವಿಲ್ಲ’ ಎಂಬ ಒಂದು ಪದದಲ್ಲಿ ಉತ್ತರ ಮುಗಿಯುತ್ತದೆ. ‘ಮೇಲಿನ ಷರತ್ತಿನಂತೆ’ ಎಂಬ ಎರಡು ಪದವನ್ನು ಬಿಡಬೇಡಿ. ಅದಿಲ್ಲದೆ ‘ಯಾವುದೇ ಮೊತ್ತ ಹಿಡಿದುಕೊಳ್ಳಲು ಒಪ್ಪಿಗೆ’ ಎಂದರೆ ಬೇಸಿಕ್ ಮೇಲೆ 9,000 ಆಗಬೇಕಾದಲ್ಲಿ 18,000 ಹಿಡಿದರೂ ನೀವೇ ಬರೆದುಕೊಟ್ಟಂತೆ. ಷರತ್ತಿನಲ್ಲಿ ಹಣದ ಮಾತೇ ಇಲ್ಲದಿದ್ದರೆ, ‘ಬೇಸಿಕ್ ಸಂಬಳದ ಲೆಕ್ಕದಲ್ಲಿ’ ಎಂದು ನೀವೇ ಅಳತೆ ಹೇಳಿಬಿಡಿ. ಮಾತುಕತೆ ಅಲ್ಲಿಂದ ಶುರುವಾಗಲಿ.

ಹಣ ಕಟ್ಟಿ ಹೋಗುವ ಆಯ್ಕೆ ಎರಡೂ ಕಡೆಗಿದ್ದರೆ ಎರಡನೆಯ ಪರಿಚ್ಛೇದ ಹೀಗೆ ಬದಲಾಗುತ್ತದೆ:

> ನೇಮಕಾತಿ ಪತ್ರದ …… ನೇ ಷರತ್ತು ನೋಟಿಸ್‌ಗೆ ಬದಲಾಗಿ ಸಂಬಳ ಕೊಡಲು ಅವಕಾಶ ಕೊಟ್ಟಿದೆ. ಅದರಂತೆ 18 ದಿನ ನೋಟಿಸ್ ಪೂರೈಸಿ, ಉಳಿದ 12 ದಿನಗಳಿಗೆ ಸಂಬಳ ಕೊಡುತ್ತೇನೆ. ನನ್ನ ಕೊನೆಯ ಕೆಲಸದ ದಿನ 24-04-2026. ಮೊತ್ತದ ಲೆಕ್ಕವನ್ನು ದಯವಿಟ್ಟು ತಿಳಿಸಿ.

ಇಲ್ಲಿ ಕೋರುವುದು ಲೆಕ್ಕವನ್ನಷ್ಟೇ. ಹಕ್ಕಿರುವಲ್ಲಿ ‘ದಯಮಾಡಿ ಅನುಮತಿಸಿ’ ಎಂದು ಬರೆದರೆ ಇಲ್ಲದ ಅನುಮತಿಯೊಂದನ್ನು ನೀವೇ ಹುಟ್ಟುಹಾಕಿದಂತಾಗುತ್ತದೆ.

ಇನ್ನು ನಿಮ್ಮ ಪ್ರೊಬೇಷನ್ ನೋಟಿಸ್ಸೇ ಏಳು ಅಥವಾ ಹದಿನೈದು ದಿನದ್ದಾಗಿದ್ದು ಅದನ್ನು ಪೂರ್ತಿ ಮುಗಿಸುವುದಾದರೆ ಮೊದಲ ಪರಿಚ್ಛೇದ ಮತ್ತು ಕೆಲಸ ವಹಿಸಿಕೊಡುವ ಸಾಲು, ಅಷ್ಟೇ ಸಾಕು. ‘ಕಡಿಮೆ ನೋಟಿಸ್‌ಗೆ ಕ್ಷಮೆಯಿರಲಿ’ ಎಂದು ಸೇರಿಸುವ ಅಭ್ಯಾಸ ಹಲವರಿಗಿದೆ. ಪತ್ರದಲ್ಲಿರುವಷ್ಟು ದಿನವೇ ಕೊಡುತ್ತಿರುವಾಗ ಅದು ಕಡಿಮೆ ನೋಟಿಸ್ ಅಲ್ಲ. ಕ್ಷಮೆ ಕೇಳಿದರೆ ಓದುವವರಿಗೆ ಏನೋ ಬಾಕಿ ಇದೆ ಅನ್ನಿಸುತ್ತದೆ.

ಬರೆಯಬಾರದ್ದು

ಕಾರಣ ಬೇಕೇ ಬೇಕೆಂದಿಲ್ಲ. ಬರೆಯುವುದಾದರೆ ‘ವೈಯಕ್ತಿಕ ಕಾರಣಗಳಿಂದ’ ಅಥವಾ ‘ಬೇರೊಂದು ಅವಕಾಶ ದೊರೆತಿರುವುದರಿಂದ’ ಸಾಕು. ಹೊಸ ಕಂಪನಿಯ ಹೆಸರು ಬೇಡ. ದಿನ ಬೇಗ ಬಿಡಲಿ ಎಂದು ತಾಯಿಗೆ ಹುಷಾರಿಲ್ಲ, ಊರಿಗೆ ಹೋಗಬೇಕು ಎಂದೆಲ್ಲ ಇಲ್ಲದ್ದನ್ನು ಬರೆಯುವುದು ಜಾಣತನದಂತೆ ಕಾಣುತ್ತದೆ. ಹೊಸ ಕಂಪನಿ ಹಿನ್ನೆಲೆ ವಿಚಾರಣೆಗೆ ಹಳೆಯ ಎಚ್‌ಆರ್‌ಗೆ ಮೇಲ್ ಹಾಕಿದ ದಿನ ಅದು ಬಯಲಾಗುತ್ತದೆ.

‘ತಕ್ಷಣದಿಂದ ಜಾರಿಗೆ ಬರುವಂತೆ’ ಎಂಬ ಪದಗಳನ್ನು ನಾಳೆಯಿಂದಲೇ ಬರುವುದಿಲ್ಲ ಎನ್ನುವ ಅರ್ಥದಲ್ಲಿ ಮಾತ್ರ ಬಳಸಬೇಕು. ಅಂತರ್ಜಾಲದ ಮಾದರಿಯಿಂದ ನಕಲು ಮಾಡಿ ಮೊದಲ ಸಾಲಿನಲ್ಲಿ ಅದನ್ನಿಟ್ಟು, ಕೆಳಗೆ ಏಪ್ರಿಲ್ 24 ಎಂದು ಬರೆದರೆ ಒಂದೇ ಪತ್ರದಲ್ಲಿ ಎರಡು ಕೊನೆಯ ದಿನಗಳಾದವು. ಎಚ್‌ಆರ್ ತನಗೆ ಅನುಕೂಲವಾದದ್ದನ್ನು ಆರಿಸಿಕೊಳ್ಳುತ್ತದೆ. ‘ಆದಷ್ಟು ಬೇಗ’, ‘ತಿಂಗಳ ಕೊನೆಯ ಹೊತ್ತಿಗೆ’ ಇವೂ ಹಾಗೇ. ಏಪ್ರಿಲ್ ಕೊನೆ ಅಂದರೆ 24 ಹೌದು, 30ಕೂಡ ಹೌದು. ಬಿಡಬೇಕೆಂದು ‘ಯೋಚಿಸುತ್ತಿದ್ದೇನೆ’ ಎಂಬುದಂತೂ ರಾಜೀನಾಮೆಯೇ ಅಲ್ಲ.

ಮ್ಯಾನೇಜರ್ ಮೇಲಿನ ಸಿಟ್ಟು, ಸಂಬಳದ ಅಸಮಾಧಾನ ಈ ಪತ್ರದಲ್ಲಿ ಬೇಡ. ಕಿರುಕುಳದಂಥ ನಿಜವಾದ ದೂರಿದ್ದರೆ ಅದನ್ನು ಪ್ರತ್ಯೇಕವಾಗಿ, ರಾಜೀನಾಮೆಗೆ ಮೊದಲೇ ದಾಖಲಿಸಬೇಕು. ದಿನ ಕಡಿಮೆ ಮಾಡಿ ಎಂದು ಕೇಳುವ ಪತ್ರದಲ್ಲಿ ದೂರು ಸೇರಿಸಿದರೆ ಎರಡೂ ಕೆಡುತ್ತವೆ.

ಉತ್ತರ ಬಂದ ಮೇಲೆ

ಉತ್ತರ ನಾಲ್ಕು ಥರ ಬರಬಹುದು. ಮೊದಲನೆಯದು ಬಾಯಿಮಾತಿನ ಒಪ್ಪಿಗೆ: ‘ಸರಿ, ಇಪ್ಪತ್ನಾಲ್ಕಕ್ಕೆ ಹೋಗಿ, ಏನೂ ತೊಂದರೆ ಇಲ್ಲ.’ ಇದು ಬಹಳ ಹಿತವಾಗಿ ಕೇಳಿಸುತ್ತದೆ. ಫುಲ್ ಅಂಡ್ ಫೈನಲ್ ಲೆಕ್ಕ ಬರುವಾಗ ಎಚ್‌ಆರ್ ಕಡತದಲ್ಲಿ ಏನೂ ಇರುವುದಿಲ್ಲ, 18,000 ಹಿಡಿದಿರುತ್ತಾರೆ. ಅದೇ ಸಂಜೆ ಒಂದು ಸಾಲು ಕಳಿಸಿ:

> ಇಂದು ಮಾತಾಡಿದಂತೆ ನನ್ನ ಕೊನೆಯ ಕೆಲಸದ ದಿನ 24-04-2026 ಎಂದೂ, ಕಡಿಮೆ ಬೀಳುವ ದಿನಗಳಲ್ಲಿ 4ನ್ನು ರಜೆಗೆ ಹೊಂದಿಸಿ 8ನ್ನು ಮನ್ನಾ ಮಾಡಲಾಗಿದೆ ಎಂದೂ ದಾಖಲೆಗಾಗಿ ತಿಳಿಸುತ್ತಿದ್ದೇನೆ. ವ್ಯತ್ಯಾಸವಿದ್ದರೆ ದಯವಿಟ್ಟು ನಾಳೆಯೊಳಗೆ ತಿಳಿಸಿ.

ಎರಡನೆಯದು ಮೌನ. ಏಪ್ರಿಲ್ 9 ಕಳೆದರೂ ಉತ್ತರವಿಲ್ಲದಿದ್ದರೆ 10ರಂದು ಅದೇ ಮೇಲ್‌ನ ಮೇಲೆ ನೆನಪಿನ ಸಾಲು ಹಾಕಿ, ಹೊಸ ಮೇಲ್ ಶುರು ಮಾಡಬೇಡಿ. ಮೊದಲ ಮೇಲ್‌ನ ದಿನಾಂಕ ಕೆಳಗೆ ಕಾಣುತ್ತಿರಬೇಕು. ಮೌನವನ್ನು ಒಪ್ಪಿಗೆಯೆಂದು ತಿಳಿದು 24ಕ್ಕೆ ಬ್ಯಾಗ್ ಎತ್ತಿಕೊಂಡು ಹೊರಡಲು ಮಾತ್ರ ಹೋಗಬೇಡಿ. ಹಾಗೆ ಹೋದವರನ್ನು ದಾಖಲೆಯಲ್ಲಿ ‘ಅಬ್‌ಸ್ಕಾಂಡಿಂಗ್’ ಎಂದು ಗುರುತಿಸುವುದುಂಟು, ರಿಲೀವಿಂಗ್ ಲೆಟರ್ ಅಲ್ಲಿಗೆ ನಿಲ್ಲುತ್ತದೆ. ಮುಂದಿನ ಕಂಪನಿ ಕೇಳುವ ಮೊದಲ ಕಾಗದ ಅದೇ.

ಮೂರನೆಯದು ನಿರಾಕರಣೆ. ಆಗ ವಾದಕ್ಕಿಂತ ಲೆಕ್ಕ ಬದಲಿಸಿ ನೋಡುವುದು ಹೆಚ್ಚು ಫಲಿಸುತ್ತದೆ. ಹೊಸ ಕಂಪನಿ ಒಂದು ವಾರ ತಡೆಯುವುದಾದರೆ ಮೇ 1ರ ರಜೆ ದಾಟಿ ಮೇ 4, ಸೋಮವಾರ ಸೇರಬಹುದು. ಹಳೆಯ ಕಡೆ ಏಪ್ರಿಲ್ 30ರವರೆಗೆ ಕೆಲಸ ಮಾಡಿದರೆ ಕಡಿಮೆ ಬೀಳುವುದು 6 ದಿನ ಮಾತ್ರ, ನಾಲ್ಕು ರಜೆ ಹೋದರೆ ಎರಡೇ ದಿನ. ಹನ್ನೆರಡು ದಿನಕ್ಕೆ ಒಪ್ಪದವರು ಎರಡು ದಿನಕ್ಕೆ ಸಾಮಾನ್ಯವಾಗಿ ಹಟ ಹಿಡಿಯುವುದಿಲ್ಲ. ಈ ಹೊಸ ಲೆಕ್ಕವನ್ನು ‘ರಾಜೀನಾಮೆ 06-04-2026ರದ್ದೇ, ಕೊನೆಯ ದಿನದ ಕೋರಿಕೆ ಮಾತ್ರ 30-04-2026ಕ್ಕೆ ಬದಲಾಗಿದೆ’ ಎಂದೇ ಬರೆಯಿರಿ, ಇಲ್ಲವಾದರೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾದೀತು. ಒಬ್ಬರನ್ನು ಬಲವಂತವಾಗಿ ಕೆಲಸ ಮಾಡಿಸಲು ನ್ಯಾಯಾಲಯ ಆದೇಶಿಸುವುದಿಲ್ಲ ಎಂಬುದು ನಿಜ. ಕಂಪನಿ ಕೇಳಬಹುದಾದದ್ದು ಹಣ. ಆದರೂ ರಿಲೀವಿಂಗ್ ಲೆಟರ್ ಅವರ ಕೈಯಲ್ಲಿರುವಾಗ ಈ ಮಾತನ್ನು ಮೇಲ್‌ನಲ್ಲಿ ಬರೆದು ಸಾಧಿಸುವುದೇನೂ ಇಲ್ಲ.

ನಾಲ್ಕನೆಯದನ್ನು ಯಾರೂ ನಿರೀಕ್ಷಿಸಿರುವುದಿಲ್ಲ: ‘ಇವತ್ತೇ ಕೊನೆ, ಲ್ಯಾಪ್‌ಟಾಪ್ ಕೊಟ್ಟು ಹೋಗಿ.’ ಗ್ರಾಹಕರ ಮಾಹಿತಿ ಇರುವ ಕೆಲಸಗಳಲ್ಲಿ ಇದು ನಡೆಯುತ್ತದೆ. ಏಪ್ರಿಲ್ 7ಕ್ಕೇ ಹೊರಟರೆ 27ರವರೆಗೆ ಸಂಬಳವಿಲ್ಲ. ಆ ಹೊತ್ತಿನಲ್ಲಿ ಒಂದು ಕಾಗದ ಮುಂದಿಟ್ಟು ‘ನನ್ನ ಕೋರಿಕೆಯ ಮೇರೆಗೆ ಇಂದೇ ಬಿಡುಗಡೆ’ ಎಂಬುದರ ಕೆಳಗೆ ಸಹಿ ಕೇಳಬಹುದು. ಅದಕ್ಕೆ ಸಹಿ ಹಾಕಿದರೆ ಮೂವತ್ತರಲ್ಲಿ 29 ದಿನ ಕಡಿಮೆ ಕೊಟ್ಟವರು ನೀವೇ ಆಗುತ್ತೀರಿ, ರಿಕವರಿಯೂ ನಿಮ್ಮ ಮೇಲೆ. ಬದಲಿಗೆ ಹೀಗೆ ಬರೆಯಿರಿ:

> ನಾನು 24-04-2026ರವರೆಗೆ ಕೆಲಸ ಮಾಡಲು ಸಿದ್ಧನಿದ್ದೇನೆ. ಕಂಪನಿಯ ಸೂಚನೆಯಂತೆ 07-04-2026ರಂದು ಲ್ಯಾಪ್‌ಟಾಪ್ ಮತ್ತು ಗುರುತಿನ ಚೀಟಿ ಹಿಂತಿರುಗಿಸಿದ್ದೇನೆ. ಇದು ಕಂಪನಿಯ ನಿರ್ಧಾರವಾದ್ದರಿಂದ ಉಳಿದ ದಿನಗಳನ್ನು ನನ್ನಿಂದಾದ ನೋಟಿಸ್ ಕೊರತೆಯೆಂದು ಪರಿಗಣಿಸಬಾರದೆಂದೂ, ಆ ಅವಧಿಯ ಸಂಬಳದ ಬಗ್ಗೆ ತಿಳಿಸಬೇಕೆಂದೂ ಕೋರುತ್ತೇನೆ.

ಆ ದಿನಗಳಿಗೆ ಸಂಬಳ ಬರುತ್ತದೆಯೇ ಎಂಬುದು ಮತ್ತೆ ನೇಮಕಾತಿ ಪತ್ರದ ಷರತ್ತನ್ನೇ ಅವಲಂಬಿಸಿದೆ. ಆದರೆ ನಿಮ್ಮಿಂದ ಹಿಡಿಯುವುದನ್ನು ತಡೆಯಲು ಈ ನಾಲ್ಕು ಸಾಲು ಬೇಕು.

ಕೊನೆಯ ದಿನ ಮತ್ತು ಆಮೇಲೆ

ವಸ್ತುಗಳನ್ನು ಹಿಂತಿರುಗಿಸಿದ್ದಕ್ಕೆ ಸಹಿಯಿರುವ ರಸೀದಿಯೋ ಮೇಲೋ ತೆಗೆದುಕೊಳ್ಳಿ. ರಿಲೀವಿಂಗ್ ಲೆಟರ್ ಅದೇ ದಿನ ಸಿಗದಿದ್ದರೆ ರಾಜೀನಾಮೆ ಒಪ್ಪಿದ ಮೇಲ್ ಅನ್ನು ಹೊಸ ಕಂಪನಿ ತಾತ್ಕಾಲಿಕವಾಗಿ ಒಪ್ಪುತ್ತದೆಯೇ ಎಂದು ಸೇರುವ ಮೊದಲೇ ಕೇಳಿಟ್ಟಿರಿ.

ಅಂತಿಮ ಲೆಕ್ಕಕ್ಕೆ ಮೂವತ್ತರಿಂದ ನಲವತ್ತೈದು ದಿನ ಎನ್ನುವುದು ಕಚೇರಿಗಳ ರೂಢಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆ ರಾಜೀನಾಮೆ ಕೊಟ್ಟವರ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಎನ್ನುತ್ತದೆ. ತಡವಾದರೆ ಇದನ್ನು ಸೌಮ್ಯವಾಗಿ ನೆನಪಿಸಬಹುದು.

ಲೆಕ್ಕದ ಪಟ್ಟಿ ಬಂದಾಗ ನೋಟಿಸ್ ರಿಕವರಿಯ ಸಾಲನ್ನು ನಿಮ್ಮ ಲೆಕ್ಕದೊಂದಿಗೆ ಹೋಲಿಸಿ. ಮೊದಲು ದಿನಗಳ ಸಂಖ್ಯೆ, ಆಮೇಲೆ ಒಟ್ಟು ಸಂಬಳವೋ ಬೇಸಿಕ್ಕೋ, ಆಮೇಲೆ ಭಾಗಿಸಿದ್ದು 30ರಿಂದಲೋ 26ರಿಂದಲೋ. ಇಪ್ಪತ್ತಾರರಿಂದ ಭಾಗಿಸಿದರೆ ಎಂಟು ದಿನಕ್ಕೆ 12,000 ಇದ್ದದ್ದು 13,846 ಆಗುತ್ತದೆ. ಅದರ ಮೇಲೆ 18 ಶೇಕಡಾ ಜಿಎಸ್‌ಟಿ ಸೇರಿಸಿದ್ದರೆ ತೆಗೆಸಿ. ನೋಟಿಸ್ ರಿಕವರಿಗೆ ಜಿಎಸ್‌ಟಿ ಅನ್ವಯಿಸುವುದಿಲ್ಲವೆಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಸುತ್ತೋಲೆಯ ಸಂಖ್ಯೆ 178/10/2022. ಸಂಖ್ಯೆ ಬರೆದು ಕೇಳಿದರೆ ಲೆಕ್ಕ ವಿಭಾಗದವರು ಹುಡುಕಿ ನೋಡುತ್ತಾರೆ.

ಕೊನೆಯದಾಗಿ ಪಿಎಫ್. ಹಳೆಯ ಕಂಪನಿ ನಿಮ್ಮ ಯುಎಎನ್‌ನಲ್ಲಿ ನಿರ್ಗಮನದ ದಿನಾಂಕವಾಗಿ ಏಪ್ರಿಲ್ 24ನ್ನೇ ದಾಖಲಿಸಿದೆಯೇ ನೋಡಿ. ಮೂವತ್ತು ದಿನದ ಪೂರ್ತಿ ಲೆಕ್ಕದಂತೆ ಮೇ 6 ಎಂದು ಹಾಕಿಬಿಟ್ಟಿದ್ದರೆ ಏಪ್ರಿಲ್ 27ರಿಂದ ನೀವು ಎರಡು ಕಂಪನಿಗಳಲ್ಲಿ ಒಟ್ಟಿಗೆ ಕೆಲಸ ಮಾಡಿದಂತೆ ಕಾಣುತ್ತದೆ, ಹಣ ವರ್ಗಾಯಿಸುವಾಗಲೂ ಹಿನ್ನೆಲೆ ವಿಚಾರಣೆಯಲ್ಲೂ ಅದು ಎದುರಾಗುತ್ತದೆ. ದಿನಾಂಕ ದಾಖಲಿಸದೇ ಬಿಟ್ಟಿದ್ದರೆ, ಕೊನೆಯ ವಂತಿಗೆ ಜಮೆಯಾಗಿ ಎರಡು ತಿಂಗಳಾದ ಮೇಲೆ ಸದಸ್ಯರ ಪೋರ್ಟಲ್‌ನ ‘Mark Exit’ ಆಯ್ಕೆಯಲ್ಲಿ, ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬರುವ ಒಟಿಪಿ ಕೊಟ್ಟು ನೀವೇ ತುಂಬಬಹುದು. ತುಂಬುವ ಮೊದಲು ರಿಲೀವಿಂಗ್ ಲೆಟರ್‌ನಲ್ಲಿರುವ ದಿನಾಂಕವನ್ನು ಇನ್ನೊಮ್ಮೆ ನೋಡಿಕೊಳ್ಳಿ, ಒಮ್ಮೆ ದಾಖಲಾದದ್ದನ್ನು ಅಲ್ಲಿ ನೀವೇ ಸುಲಭವಾಗಿ ತಿದ್ದಲಾಗುವುದಿಲ್ಲ.